ಬಾಗಿಲು ಕಳೆದ ಮೇಲೆ ಉಳಿಯುವ ಸ್ಕರ್ಟಿಂಗ್: ಒಂದು ಎಲ್ ಆಕಾರದ ಕೋಣೆಯ ಪ್ರಕರಣ

ಒಂದು ಮನೆಯ ನಡುಮನೆಯಲ್ಲಿ ಗೋಡೆಯ ಬುಡದ ಉದ್ದಕ್ಕೂ ಟೈಲ್ಸ್ ಪಟ್ಟಿ ಅಂಟಿಸುವ ಸ್ಕರ್ಟಿಂಗ್ ಕೆಲಸ ಮುಗಿಯುವ ಹಂತದಲ್ಲಿ ಟೈಲ್ಸ್ ಸಾಲದೆ ನಿಂತುಹೋಯಿತು. ಅಂದಾಜು ಪಟ್ಟಿಯ ಪ್ರಕಾರ ಬೇಕಾದದ್ದು 16.20 ಮೀಟರ್ ಉದ್ದ, ಅಂದರೆ 60 ಸೆಂ.ಮೀ. ಉದ್ದದ 27 ಪಟ್ಟಿಗಳು. ಒಂದು ಟೈಲ್‌ನಿಂದ 6 ಪಟ್ಟಿ ಬರುತ್ತದೆಂದು ಲೆಕ್ಕ ಹಾಕಿ 5 ಟೈಲ್ಸ್ ಕೊಡಲಾಗಿತ್ತು. ಕಾಗದದ ಮೇಲೆ ಅದು 30 ಪಟ್ಟಿ, ಎಂದರೆ 3 ಪಟ್ಟಿ ಹೆಚ್ಚೇ ಇರಬೇಕು. ಆದರೂ ಕಂಬದ ಮೂರು ಮುಖಗಳು, ಮಲಗುವ ಕೋಣೆಯ ಬಾಗಿಲಿನ ಎರಡು ಪಕ್ಕಗಳು ಮತ್ತು ಅಡುಗೆಮನೆಯ ದಾರಿಯ ಎರಡು ಪಕ್ಕಗಳು ಬರಿದಾಗಿ ಉಳಿದವು. ಟೈಲ್ಸ್ ಒಡೆದು ಹಾಳಾಗಿರಬೇಕು ಅಥವಾ ಬೇರೆ ಕೋಣೆಗೆ ಹೋಗಿರಬೇಕು ಎಂಬ ಅನುಮಾನ ಮನೆಯವರಲ್ಲಿ ಮೂಡಿತ್ತು, ಮೇಸ್ತ್ರಿಗೆ ಅದರಿಂದ ನೋವಾಗಿತ್ತು. ಅಳತೆಯನ್ನು ಮತ್ತೊಮ್ಮೆ ತೆಗೆದು ತಪ್ಪು ಎಲ್ಲಿದೆ ಎಂದು ಹೇಳಬೇಕಾದ ಕೆಲಸ ನನ್ನ ಪಾಲಿಗೆ ಬಂತು.

ಈ ಪ್ರಕರಣವನ್ನು ವಿವರವಾಗಿ ಬರೆಯಲು ಕಾರಣವಿದೆ. ನಿಜವಾದ ಅಳತೆ ತೆಗೆದಾಗ ಸ್ಕರ್ಟಿಂಗ್‌ನ ಉದ್ದ ಅಂದಾಜಿಗಿಂತ ಹೆಚ್ಚಾಗಿರಲಿಲ್ಲ, ಸುಮಾರು ಒಂದು ಮೀಟರ್‌ನಷ್ಟು ಕಡಿಮೆಯೇ ಇತ್ತು. ಉದ್ದ ಕಡಿಮೆಯಿದ್ದೂ ಟೈಲ್ಸ್ ಸಾಲದೆ ಹೋದದ್ದು ಹೇಗೆ ಎಂಬ ಪ್ರಶ್ನೆಗೆ ಉತ್ತರ ಹುಡುಕಲು ಹೊರಟರೆ, ಬಾಗಿಲನ್ನು ಕಳೆಯುವುದೆಂದರೆ ಏನನ್ನು ಕಳೆಯುವುದು ಎಂಬ ಮೂಲ ವಿಚಾರಕ್ಕೇ ಹೋಗಬೇಕಾಗುತ್ತದೆ.

ಮೊದಲು ಕೋಣೆಯನ್ನು ಕಣ್ಣ ಮುಂದೆ ತಂದುಕೊಳ್ಳೋಣ. ಹೊರ ಆಯತ 5.40 ಮೀಟರ್ ಉದ್ದ, 4.20 ಮೀಟರ್ ಅಗಲ. ಆ ಆಯತದ ಒಂದು ಮೂಲೆಯನ್ನು ಪಕ್ಕದ ಸ್ನಾನದ ಕೋಣೆ ಆಕ್ರಮಿಸಿಕೊಂಡಿರುವುದರಿಂದ ಅಲ್ಲಿ 1.50 ಮೀಟರ್‌ಗೆ 1.20 ಮೀಟರ್‌ನಷ್ಟು ಜಾಗ ಒಳಕ್ಕೆ ಕತ್ತರಿಸಿಹೋಗಿ ಕೋಣೆ ಇಂಗ್ಲಿಷಿನ ಎಲ್ ಅಕ್ಷರದ ಆಕಾರ ಪಡೆದಿದೆ. ಮುಖ್ಯ ಬಾಗಿಲಿರುವ ಗೋಡೆ 5.40 ಮೀಟರ್. ಅದರ ಪಕ್ಕದ, ಅಡುಗೆಮನೆ ಕಡೆಯ ಗೋಡೆ 4.20 ಮೀಟರ್. ಮುಂದಿನದು ಮಲಗುವ ಕೋಣೆಯ ಬಾಗಿಲಿರುವ ಗೋಡೆ, 3.90 ಮೀಟರ್. ಅಲ್ಲಿಂದ ಸ್ನಾನದ ಕೋಣೆಯ ಎರಡು ಗೋಡೆಗಳು 1.20 ಮತ್ತು 1.50 ಮೀಟರ್. ಕೊನೆಯದು ಕಿಟಕಿ ಇರುವ 3.00 ಮೀಟರ್ ಗೋಡೆ. ಮುಖ್ಯ ಬಾಗಿಲಿನ ಗೋಡೆಯ ನಡುವೆ 30 ಸೆಂ.ಮೀ. ಅಗಲದ ಕಂಬವೊಂದು 15 ಸೆಂ.ಮೀ. ಮುಂದಕ್ಕೆ ಚಾಚಿಕೊಂಡಿದೆ.

ಅಂದಾಜು ಮಾಡಿದವರು ನಕ್ಷೆಯನ್ನು ನೋಡಿ 5.40 ಮತ್ತು 4.20 ಕೂಡಿಸಿ ಎರಡರಿಂದ ಗುಣಿಸಿ 19.20 ಮೀಟರ್ ಸುತ್ತಳತೆ ಹಿಡಿದಿದ್ದರು. ಎಲ್ ಆಕಾರದ ಕೋಣೆಗೆ ಆಯತದ ಸುತ್ತಳತೆ ಹಿಡಿದದ್ದು ತಪ್ಪಲ್ಲವೇ ಎಂದು ಮನೆಯವರು ಕೇಳಿದ್ದರು. ಅದು ತಪ್ಪಲ್ಲ. ಮೂಲೆಯಲ್ಲಿ ಚೌಕವಾಗಿ ಜಾಗ ಕತ್ತರಿಸಿಹೋದಾಗ ಕೋಣೆಯ ವಿಸ್ತೀರ್ಣ ಕಡಿಮೆಯಾಗುತ್ತದೆಯೇ ಹೊರತು ಸುತ್ತಳತೆ ಬದಲಾಗುವುದಿಲ್ಲ, ಏಕೆಂದರೆ ಹೊರಗಿನ ಎರಡು ಗೋಡೆಗಳಲ್ಲಿ ಕಳೆದುಹೋದ 1.50 ಮತ್ತು 1.20 ಮೀಟರ್ ಒಳಗಿನ ಎರಡು ಗೋಡೆಗಳಾಗಿ ಹಾಗೆಯೇ ಮರಳಿ ಬರುತ್ತವೆ. ಆರು ಗೋಡೆಗಳನ್ನು ಒಂದೊಂದಾಗಿ ಕೂಡಿಸಿದರೂ 19.20 ಮೀಟರ್ ಬರುತ್ತದೆ. ಆದರೆ ಗೋಡೆಯ ನಡುವೆ ನಿಂತ ಕಂಬದ ವಿಷಯ ಹಾಗಲ್ಲ. ಕಂಬದ ಮುಂದಿನ ಮುಖ ಅದು ಮುಚ್ಚಿದ ಗೋಡೆಯಷ್ಟೇ ಅಗಲ, ಆದ್ದರಿಂದ ಅದು ಕೂಡುವುದೂ ಇಲ್ಲ, ಕಳೆಯುವುದೂ ಇಲ್ಲ. ಅದರ ಎರಡು ಪಕ್ಕದ ಮುಖಗಳು ಮಾತ್ರ ಹೊಸದಾಗಿ ಸೇರುತ್ತವೆ. ಇಲ್ಲಿ ಅದು ಎರಡು ಸಲ 15 ಸೆಂ.ಮೀ., ಒಟ್ಟು 30 ಸೆಂ.ಮೀ. ಇದೇ ಕಂಬ ಕೋಣೆಯ ಮೂಲೆಯಲ್ಲಿದ್ದಿದ್ದರೆ ಏನೂ ಸೇರುತ್ತಿರಲಿಲ್ಲ. ಅಂದಾಜಿನಲ್ಲಿ ಈ 30 ಸೆಂ.ಮೀ. ಬಿಟ್ಟುಹೋಗಿತ್ತು. ನಿಜವಾದ ಸುತ್ತಳತೆ 19.50 ಮೀಟರ್.

ನಕ್ಷೆಯ ಅಳತೆಗಳು ಇಲ್ಲಿ ಗಾರೆ ಮುಗಿದ ಗೋಡೆಯಿಂದ ಗೋಡೆಗೆ ಬರೆದವು. ಟೇಪು ಹಿಡಿದು ನೋಡಿದಾಗ ಎಲ್ಲಿಯೂ 5 ಮಿ.ಮೀ.ಗಿಂತ ಹೆಚ್ಚಿನ ವ್ಯತ್ಯಾಸ ಕಾಣಲಿಲ್ಲ, ಹಾಗಾಗಿ ಆ ಅಂಶವನ್ನು ಬದಿಗಿಟ್ಟೆ. ಇಟ್ಟಿಗೆಯಿಂದ ಇಟ್ಟಿಗೆಗೆ ಬರೆದ ಅಳತೆಯಾಗಿದ್ದರೆ, 15 ಮಿ.ಮೀ. ಗಾರೆಗೆ ಇಡೀ ಸುತ್ತಳತೆಯಲ್ಲಿ 12 ಸೆಂ.ಮೀ. ಕಡಿಮೆಯಾಗುತ್ತಿತ್ತು, ಕೋಣೆ ದೊಡ್ಡದಾದರೂ ಚಿಕ್ಕದಾದರೂ, ಮೂಲೆಗಳೆಲ್ಲ ನೇರವಾಗಿರುವವರೆಗೆ, ಕಳೆಯುವ ಮೊತ್ತ ಅಷ್ಟೇ.

ಇನ್ನು ಕಳೆಯುವ ವಿಷಯ. ಅಂದಾಜಿನಲ್ಲಿ ಮುಖ್ಯ ಬಾಗಿಲಿಗೆ 90 ಸೆಂ.ಮೀ., ಮಲಗುವ ಕೋಣೆಯ ಬಾಗಿಲಿಗೆ 90 ಸೆಂ.ಮೀ., ಅಡುಗೆಮನೆಗೆ ಹೋಗುವ ತೆರೆದ ದಾರಿಗೆ 1.20 ಮೀಟರ್, ಹೀಗೆ ಒಟ್ಟು 3.00 ಮೀಟರ್ ಕಳೆದು 16.20 ಮೀಟರ್ ಉಳಿಸಿಕೊಂಡಿದ್ದರು. ಲೆಕ್ಕ ಕೂಡುವುದರಲ್ಲಿ ತಪ್ಪಿಲ್ಲ. ಆದರೆ ಬಾಗಿಲಿನ ಅಗಲ ಎಂಬ ಒಂದೇ ಹೆಸರಿನಲ್ಲಿ ಹಲವು ಅಳತೆಗಳಿವೆ: ಕದದ ಅಗಲ, ಚೌಕಟ್ಟಿನೊಳಗೆ ನಡೆದು ಹೋಗಲು ಸಿಗುವ ಅಗಲ, ಚೌಕಟ್ಟಿನ ಹೊರ ಅಂಚಿನಿಂದ ಹೊರ ಅಂಚಿನ ಅಗಲ, ಗಾರೆ ಮಾಡಿದ ಗೋಡೆಯಲ್ಲಿರುವ ತೆರಪಿನ ಅಗಲ. ಇವುಗಳಲ್ಲಿ ಯಾವುದನ್ನು ಕಳೆಯಬೇಕೆಂದು ಬಾಗಿಲನ್ನು ನೋಡಿ ನಿರ್ಧರಿಸಲು ಆಗುವುದಿಲ್ಲ. ನೆಲದಿಂದ ಒಂದು ಗೇಣಿನೊಳಗೆ ಕಣ್ಣಿಟ್ಟು, ಗೋಡೆಗೆ ಅಂಟಿಕೊಂಡು ಬರುವ ಪಟ್ಟಿ ಎಲ್ಲಿ ನಿಲ್ಲುತ್ತದೆ, ಮತ್ತೆ ಎಲ್ಲಿ ಶುರುವಾಗುತ್ತದೆ ಎಂಬುದನ್ನು ಮಾತ್ರ ನೋಡಬೇಕು. ನಿಂತ ಜಾಗದಿಂದ ಮತ್ತೆ ಶುರುವಾಗುವ ಜಾಗದವರೆಗಿನ ದೂರವೇ ಕಳೆಯಬೇಕಾದ ಅಳತೆ.

ಮುಖ್ಯ ಬಾಗಿಲಿನಲ್ಲಿ ಚೌಕಟ್ಟು ಕೋಣೆಯ ಕಡೆಯ ಗೋಡೆಗೆ ಸಮವಾಗಿ ನಿಂತಿದೆ. ನಕ್ಷೆಯಲ್ಲಿ ಬರೆದ 90 ಸೆಂ.ಮೀ. ನಡೆದು ಹೋಗುವ ಅಗಲ. ಎರಡೂ ಬದಿಯ ಮರ ತಲಾ 7.5 ಸೆಂ.ಮೀ. ಸ್ಕರ್ಟಿಂಗ್ ಮರದ ಹೊರ ಅಂಚಿಗೇ ಬಂದು ನಿಲ್ಲುತ್ತದೆ, ಮರದ ಮೇಲೆ ಹತ್ತುವುದಿಲ್ಲ. ಆದ್ದರಿಂದ ಕಳೆಯಬೇಕಾದದ್ದು 1.05 ಮೀಟರ್. ಚೌಕಟ್ಟಿನ ಸುತ್ತ ಅಲಂಕಾರಕ್ಕೆ ಮರದ ಪಟ್ಟಿ ಬಡಿಯುವ ಯೋಜನೆ ಇದ್ದರೆ ಅದರ ಅಗಲವನ್ನೂ ಎರಡೂ ಬದಿಗೆ ಸೇರಿಸಿ ಕಳೆಯಬೇಕಾಗುತ್ತದೆ. ಈ ಮನೆಯಲ್ಲಿ ಅದು ಇರಲಿಲ್ಲ.

ಮಲಗುವ ಕೋಣೆಯ ಬಾಗಿಲು ಮೊದಲ ನೋಟಕ್ಕೆ ಅದೇ ರೀತಿ ಕಾಣುತ್ತದೆ, ಆದರೆ ಲೆಕ್ಕದಲ್ಲಿ ಅದು ಬೇರೆಯೇ ಜಾತಿಯದು. ಅಲ್ಲಿ ಗೋಡೆ ಗಾರೆ ಸೇರಿ 23 ಸೆಂ.ಮೀ. ದಪ್ಪವಿದೆ, ಚೌಕಟ್ಟು 10 ಸೆಂ.ಮೀ. ಆಳದ್ದು, ಮತ್ತು ಅದನ್ನು ಮಲಗುವ ಕೋಣೆಯ ಕಡೆಗೆ ಸಮ ಮಾಡಿ ನಿಲ್ಲಿಸಲಾಗಿದೆ. ಹೀಗಾಗಿ ನಡುಮನೆಯ ಕಡೆಯಿಂದ ನೋಡಿದರೆ ಬಾಗಿಲಿಗೆ ಮೊದಲು 13 ಸೆಂ.ಮೀ. ಆಳದ ಗೋಡೆಯ ದಪ್ಪ ಎರಡೂ ಬದಿಗೆ ಕಾಣುತ್ತದೆ. ಸ್ಕರ್ಟಿಂಗ್ ಗೋಡೆಯ ಅಂಚಿನಲ್ಲಿ ನಿಲ್ಲದೆ ಒಳಕ್ಕೆ ತಿರುಗಿ ಚೌಕಟ್ಟಿನವರೆಗೆ ಹೋಗಬೇಕು, ಇಲ್ಲದಿದ್ದರೆ ಆ ಎರಡು ಪಕ್ಕಗಳಲ್ಲಿ ನೆಲ ಒರೆಸುವ ನೀರು ನೇರವಾಗಿ ಬಣ್ಣಕ್ಕೆ ತಾಗುತ್ತದೆ. ಹೀಗೆ ಗೋಡೆಯ ದಪ್ಪದೊಳಕ್ಕೆ ತಿರುಗುವ ತುಂಡನ್ನು ಈ ಬರಹದಲ್ಲಿ ತಿರುವು ಎಂದು ಕರೆಯುತ್ತೇನೆ. ಇಲ್ಲಿ ಕಳೆಯಬೇಕಾದದ್ದು ಗಾರೆ ಮಾಡಿದ ಎರಡು ಅಂಚುಗಳ ನಡುವಿನ 95 ಸೆಂ.ಮೀ.; ಕಳೆದ ಮೇಲೆ ಕೂಡಿಸಬೇಕಾದದ್ದು ಎರಡು ತಿರುವುಗಳ 26 ಸೆಂ.ಮೀ. ಬಾಗಿಲೊಂದನ್ನು ಕಳೆದಾಗ ನಿಜವಾಗಿ ಕಡಿಮೆಯಾದದ್ದು 69 ಸೆಂ.ಮೀ. ಮಾತ್ರ. ಇದೇ ಬಾಗಿಲನ್ನು ಮಲಗುವ ಕೋಣೆಯ ಲೆಕ್ಕದಲ್ಲಿ ಕಳೆಯುವಾಗ ತಿರುವು ಇರುವುದಿಲ್ಲ, ಏಕೆಂದರೆ ಅಲ್ಲಿ ಚೌಕಟ್ಟು ಗೋಡೆಗೆ ಸಮವಾಗಿದೆ. ಒಂದೇ ಬಾಗಿಲು ಎರಡು ಕೋಣೆಗಳಲ್ಲಿ ಎರಡು ಬೇರೆ ಮೊತ್ತವಾಗಿ ಕಳೆಯಲ್ಪಡುತ್ತದೆ ಎಂಬುದನ್ನು ಬಾಗಿಲುಗಳ ಪಟ್ಟಿ ನೋಡಿ ಅಂದಾಜು ಮಾಡುವವರು ಗಮನಿಸುವುದು ಕಡಿಮೆ.

ಅಡುಗೆಮನೆಯ ದಾರಿಗೆ ಚೌಕಟ್ಟೇ ಇಲ್ಲ. 1.20 ಮೀಟರ್ ಅಗಲದ ತೆರಪು, ಗೋಡೆಯ ದಪ್ಪ ಗಾರೆ ಸೇರಿ 14 ಸೆಂ.ಮೀ. ಇಲ್ಲಿ ಪಟ್ಟಿ ಗೋಡೆಯ ಪೂರ್ತಿ ದಪ್ಪವನ್ನು ಸುತ್ತಿಕೊಂಡು ಅಡುಗೆಮನೆಯ ಕಡೆಯ ಪಟ್ಟಿಯನ್ನು ಸೇರುತ್ತದೆ. 1.20 ಮೀಟರ್ ಕಳೆದು ಎರಡು ತಿರುವುಗಳ 28 ಸೆಂ.ಮೀ. ಕೂಡಿಸಬೇಕು. ಆದರೆ ಆ 28 ಸೆಂ.ಮೀ. ಯಾವ ಕೋಣೆಗೆ ಸೇರಿದ್ದು ಎಂಬುದನ್ನು ಮೊದಲೇ ಗೊತ್ತುಮಾಡಿಕೊಳ್ಳದಿದ್ದರೆ ಎರಡೂ ಕೋಣೆಗಳ ಪಟ್ಟಿಯಲ್ಲಿ ಅದು ಬರುತ್ತದೆ, ಅಥವಾ ಎರಡರಲ್ಲೂ ಬಿಟ್ಟುಹೋಗುತ್ತದೆ. ಈ ಮನೆಯಲ್ಲಿ ಎರಡನೆಯದು ಆಗಿತ್ತು. ನಡುಮನೆಯ ಟೈಲ್ಸ್ ದಾರಿಯ ಕೆಳಗೂ ಹಾಸಿ ಅಡುಗೆಮನೆಯ ಅಂಚಿನವರೆಗೆ ಹೋಗಿದ್ದರಿಂದ, ತಿರುವನ್ನೂ ನಡುಮನೆಗೇ ಸೇರಿಸಿದೆ. ನೆಲದ ಹಾಸು ಎಲ್ಲಿ ಬದಲಾಗುತ್ತದೆಯೋ ಅಲ್ಲಿಗೆ ಸ್ಕರ್ಟಿಂಗ್ ಲೆಕ್ಕವೂ ಬದಲಾಗುವುದು ನನಗೆ ಸರಿಯೆನಿಸುತ್ತದೆ, ಏಕೆಂದರೆ ಪಟ್ಟಿಯ ಬಣ್ಣ ಅದರ ಬುಡದ ನೆಲಕ್ಕೆ ಹೊಂದಬೇಕು.

ಅಂದಾಜಿನ ಅತಿ ದೊಡ್ಡ ತಪ್ಪು ಬಾಗಿಲುಗಳ ಪಟ್ಟಿಯಲ್ಲಿ ಇಲ್ಲದ ಒಂದು ತೆರಪಿನಲ್ಲಿತ್ತು. 3.00 ಮೀಟರ್ ಗೋಡೆಯಲ್ಲಿರುವ ಕಿಟಕಿ ನೆಲಕ್ಕೆ ತಾಗುವ ಗಾಜಿನ ಕಿಟಕಿ, 1.80 ಮೀಟರ್ ಅಗಲ. ನಕ್ಷೆಯಲ್ಲಿ ಅದನ್ನು ಕಿಟಕಿಗಳ ಜೊತೆ ಪಟ್ಟಿ ಮಾಡಿದ್ದರಿಂದ ಅಂದಾಜು ಮಾಡಿದವರು ಕಿಟಕಿಗೆ ಸ್ಕರ್ಟಿಂಗ್ ಕಳೆಯುವುದಿಲ್ಲ ಎಂಬ ರೂಢಿಯ ಪ್ರಕಾರ ಅದನ್ನು ಬಿಟ್ಟರು. ಸಾಮಾನ್ಯ ಕಿಟಕಿಗೆ ಆ ರೂಢಿ ಸರಿ. ಅದರ ಕೆಳಗೆ ಗೋಡೆ ಇರುತ್ತದೆ, ಪಟ್ಟಿ ಮುರಿಯದೆ ಸಾಗುತ್ತದೆ. ನೆಲಕ್ಕೆ ತಾಗುವ ಕಿಟಕಿಯ ಕೆಳಗೆ ಗೋಡೆಯೇ ಇಲ್ಲ. ಇಲ್ಲಿ 1.80 ಮೀಟರ್ ಕಳೆದು, ಅಲ್ಯೂಮಿನಿಯಂ ಚೌಕಟ್ಟಿನವರೆಗೆ ತಲಾ 10 ಸೆಂ.ಮೀ.ನ ಎರಡು ತಿರುವುಗಳನ್ನು ಕೂಡಿಸಿದೆ.

ಈಗ ಎಲ್ಲವನ್ನೂ ಒಟ್ಟಿಗೆ ಇಟ್ಟು ನೋಡಬಹುದು.

```
ಸುತ್ತಳತೆ  = 19.20 + 0.30 = 19.50
ಕಳೆಯುವುದು = 1.05 + 0.95 + 1.20 + 1.80 = 5.00
ತಿರುವುಗಳು = 0.26 + 0.28 + 0.20 = 0.74
ಉಳಿಯುವುದು = 19.50 - 5.00 + 0.74 = 15.24 ಮೀಟರ್
```

ಅಂದಾಜಿನ 16.20 ಮೀಟರ್‌ಗಿಂತ ಇದು 96 ಸೆಂ.ಮೀ. ಕಡಿಮೆ. ಕಳೆಯುವುದರಲ್ಲಿ 2.00 ಮೀಟರ್ ಬಿಟ್ಟುಹೋಗಿತ್ತು, ಕೂಡುವುದರಲ್ಲಿ 1.04 ಮೀಟರ್ ಬಿಟ್ಟುಹೋಗಿತ್ತು. ಎರಡು ತಪ್ಪುಗಳು ಒಂದನ್ನೊಂದು ಅರ್ಧದಷ್ಟು ನುಂಗಿಹಾಕಿದ್ದರಿಂದ ಮೊತ್ತ ನೋಡಿದವರಿಗೆ ಅನುಮಾನ ಬರುವಂತಿರಲಿಲ್ಲ. ಮೊತ್ತವನ್ನು ಮಾತ್ರ ಹೋಲಿಸಿ ನೋಡುವವರು ಇಂಥಲ್ಲಿ ಮೋಸಹೋಗುತ್ತಾರೆ. ನಾನು ಅದಕ್ಕೆ ಇನ್ನೊಂದು ದಾರಿಯಿಂದ ಪರೀಕ್ಷೆ ಮಾಡಿದೆ: ಸುತ್ತಳತೆಯಿಂದ ಕಳೆಯುವ ಬದಲು, ಮುಖ್ಯ ಬಾಗಿಲಿನ ಒಂದು ಬದಿಯಿಂದ ಹೊರಟು ಗೋಡೆಯನ್ನು ಹಿಡಿದು ನಡೆಯುತ್ತಾ, ಪಟ್ಟಿ ಕೂರುವ ಪ್ರತಿ ಭಾಗವನ್ನೂ ಬೇರೆಬೇರೆಯಾಗಿ ಅಳೆದು ಬರೆದುಕೊಂಡೆ. ಮುಖ್ಯ ಬಾಗಿಲಿನ ಗೋಡೆಯಲ್ಲಿ 4.65 ಮೀಟರ್, ಅಡುಗೆಮನೆಯ ಗೋಡೆಯಲ್ಲಿ ತಿರುವು ಸೇರಿ 3.28, ಮಲಗುವ ಕೋಣೆಯ ಗೋಡೆಯಲ್ಲಿ 3.21, ಸ್ನಾನದ ಕೋಣೆಯ ಎರಡು ಗೋಡೆಗಳಲ್ಲಿ 1.20 ಮತ್ತು 1.50, ಕಿಟಕಿ ಗೋಡೆಯಲ್ಲಿ 1.40. ಒಟ್ಟು 15.24 ಮೀಟರ್. ಎರಡು ದಾರಿಗಳಲ್ಲೂ ಒಂದೇ ಉತ್ತರ ಬಂದಾಗ ಮಾತ್ರ ಈ ಅಳತೆಯನ್ನು ನಂಬಬಹುದು.

ಹಾಗಿದ್ದರೆ 30 ಪಟ್ಟಿಗಳ 18 ಮೀಟರ್ ಎಲ್ಲಿ ಹೋಯಿತು? ಉತ್ತರದ ಮೊದಲ ಭಾಗ ಉದ್ದದಲ್ಲಿರಲಿಲ್ಲ, ಎತ್ತರದಲ್ಲಿತ್ತು. ಸ್ಕರ್ಟಿಂಗ್‌ನ ಎತ್ತರ 100 ಮಿ.ಮೀ. ಎಂದು ನಿರ್ಧರಿಸಲಾಗಿತ್ತು. 600 ಮಿ.ಮೀ. ಚೌಕದ ಟೈಲ್‌ನಲ್ಲಿ 100 ಮಿ.ಮೀ.ನ ಆರು ಪಟ್ಟಿಗಳು ಕಾಗದದ ಮೇಲೆ ಬರುತ್ತವೆ, ಆದರೆ ಗರಗಸದ ಬಿಲ್ಲೆ ಪ್ರತಿ ಸಲವೂ ತನ್ನ ದಪ್ಪದಷ್ಟು ಟೈಲ್ಸನ್ನು ಪುಡಿ ಮಾಡಿಯೇ ಮುಂದೆ ಹೋಗುತ್ತದೆ. ಇಲ್ಲಿ ಪ್ರತಿ ಕಡಿತಕ್ಕೆ ಸುಮಾರು 2 ಮಿ.ಮೀ. ಹೋಗುತ್ತಿತ್ತು. ಐದು ಪಟ್ಟಿ ಕತ್ತರಿಸುವಷ್ಟರಲ್ಲಿ 510 ಮಿ.ಮೀ. ಮುಗಿದು, ಆರನೆಯದಕ್ಕೆ 90 ಮಿ.ಮೀ. ಮಾತ್ರ ಉಳಿಯುತ್ತದೆ. ಅದನ್ನು ಉಳಿದ ಪಟ್ಟಿಗಳ ಸಾಲಿನಲ್ಲಿ ಇಟ್ಟರೆ ಮೇಲಿನ ಗೆರೆ 10 ಮಿ.ಮೀ. ಕೆಳಗಿಳಿದು ಎದ್ದು ಕಾಣುತ್ತದೆ. ಹೀಗೆ 5 ಟೈಲ್ಸ್‌ನಿಂದ ಸಿಕ್ಕಿದ್ದು 25 ಪೂರ್ತಿ ಪಟ್ಟಿ, ಅಂದರೆ 15.00 ಮೀಟರ್. ಒಂದು ಚೂರೂ ವ್ಯರ್ಥ ಮಾಡದೆ ಅಂಟಿಸಿದ್ದರೂ 15.24 ಮೀಟರ್ ಗೋಡೆಗೆ ಅದು ಸಾಲುತ್ತಿರಲಿಲ್ಲ. ಮೇಸ್ತ್ರಿ 90 ಮಿ.ಮೀ.ನ ಐದೂ ಪಟ್ಟಿಗಳನ್ನು ಒಡೆಯದೆ ಒಂದು ಮೂಲೆಗೆ ಒರಗಿಸಿಟ್ಟಿದ್ದರು. ಟೈಲ್ಸ್ ಬೇರೆಡೆಗೆ ಹೋಗಿದೆ ಎಂಬ ಅನುಮಾನ ಅಲ್ಲಿಗೇ ಮುಗಿಯಿತು.

ಎತ್ತರವನ್ನು ಕತ್ತರಿಸುವ ಮೊದಲೇ 95 ಮಿ.ಮೀ. ಎಂದು ಗೊತ್ತುಮಾಡಿದ್ದರೆ ಆರು ಪಟ್ಟಿಗಳಿಗೆ 570, ಐದು ಕಡಿತಗಳಿಗೆ 10, ಒಟ್ಟು 580 ಮಿ.ಮೀ. ಸಾಕಾಗಿ ಪ್ರತಿ ಟೈಲ್‌ನಲ್ಲೂ ಆರು ಪಟ್ಟಿ ಸಿಗುತ್ತಿತ್ತು. 5 ಮಿ.ಮೀ. ಎತ್ತರ ಕಣ್ಣಿಗೆ ತಿಳಿಯುವುದಿಲ್ಲ, ಆದರೆ ಎಲ್ಲ ಕೋಣೆಗಳಲ್ಲೂ ಒಂದೇ ಎತ್ತರ ಇರಬೇಕಾದ್ದರಿಂದ ಅದನ್ನು ಮೊದಲ ಕೋಣೆಯಲ್ಲೇ ನಿರ್ಧರಿಸಬೇಕು. ಈ ಮನೆಯಲ್ಲಿ ಬೇರೆ ಕೋಣೆಗಳು 100 ಮಿ.ಮೀ.ನಲ್ಲಿ ಆಗಲೇ ಮುಗಿದಿದ್ದವು. ಹೀಗೆ ಕತ್ತರಿಸಿದ ಪಟ್ಟಿಗಳ ಬಗ್ಗೆ ಇನ್ನೊಂದು ಮಾತು: ಟೈಲ್‌ನ ಎರಡು ಅಂಚಿನ ಪಟ್ಟಿಗಳಿಗೆ ಮಾತ್ರ ಕಾರ್ಖಾನೆಯ ನಯವಾದ ಒಂದು ಬದಿ ಇರುತ್ತದೆ, ಅದನ್ನು ಮೇಲಕ್ಕೆ ತಿರುಗಿಸಬಹುದು. ನಡುವಿನ ಪಟ್ಟಿಗಳ ಮೇಲಂಚನ್ನು ಉಜ್ಜಿ ನಯ ಮಾಡಬೇಕು, ಆಗ ಅಂಚು ಸಿಡಿದ ಪಟ್ಟಿ ಒಂದೆರಡಾದರೂ ಇದ್ದೇ ಇರುತ್ತದೆ.

ಉತ್ತರದ ಎರಡನೆಯ ಭಾಗ ತುಂಡುಗಳದ್ದು. 15.24 ಮೀಟರ್ ಎಂಬುದು ಒಂದೇ ಹಗ್ಗದಂತೆ ಉದ್ದಕ್ಕೆ ಮಲಗಿರುವ ಅಳತೆಯಲ್ಲ. ಬರೆದುಕೊಂಡ ಭಾಗಗಳನ್ನು 60 ಸೆಂ.ಮೀ.ನಿಂದ ಭಾಗಿಸಿ ನೋಡಿದಾಗ, ಪೂರ್ತಿ ಪಟ್ಟಿಗಳು ಕೂರುವ ಜಾಗ 20, ಅಂದರೆ 12.00 ಮೀಟರ್. ಉಳಿದ 3.24 ಮೀಟರ್ 16 ಚಿಕ್ಕ ತುಂಡುಗಳಲ್ಲಿ ಹಂಚಿಹೋಗಿದೆ. ಮಲಗುವ ಕೋಣೆಯ ಬಾಗಿಲಿನ ಒಂದು ಕಡೆ 2.85 ಮೀಟರ್ ಗೋಡೆಗೆ ನಾಲ್ಕು ಪೂರ್ತಿ ಪಟ್ಟಿ ಮತ್ತು 45 ಸೆಂ.ಮೀ.ನ ಒಂದು ತುಂಡು. ಅದೇ ಬಾಗಿಲಿನ ಇನ್ನೊಂದು ಕಡೆ ಮೂಲೆಯವರೆಗೆ 10 ಸೆಂ.ಮೀ. ಮಾತ್ರ. ಮುಖ್ಯ ಬಾಗಿಲಿನ ಪಕ್ಕದಲ್ಲೂ 15 ಸೆಂ.ಮೀ.ನ ಅಂಥದೇ ಒಂದು ಇಕ್ಕಟ್ಟಾದ ಗೋಡೆ. ಗಮನಿಸಿ ನೋಡಿದರೆ ಈ ಚಿಕ್ಕ ತುಂಡುಗಳಲ್ಲಿ ಬಹುಪಾಲು ಬಾಗಿಲು, ಕಿಟಕಿ ಮತ್ತು ಕಂಬದ ಸುತ್ತಲೇ ಹುಟ್ಟಿಕೊಂಡಿವೆ. ತೆರಪು ಉದ್ದವನ್ನು ಕಡಿಮೆ ಮಾಡುತ್ತದೆ, ತುಂಡುಗಳ ಸಂಖ್ಯೆಯನ್ನು ಹೆಚ್ಚಿಸುತ್ತದೆ. ಕಳೆದ ಉದ್ದವನ್ನು ಪಟ್ಟಿಯ ಉದ್ದದಿಂದ ಭಾಗಿಸಿ ಪಟ್ಟಿಗಳ ಸಂಖ್ಯೆ ಪಡೆಯುವ ಲೆಕ್ಕ ಈ ಕಾರಣಕ್ಕೆ ಬಾಗಿಲುಗಳು ಹೆಚ್ಚಿದಷ್ಟೂ ಸಡಿಲವಾಗುತ್ತದೆ.

ಆ 16 ತುಂಡುಗಳನ್ನು ಚೆನ್ನಾಗಿ ಹೊಂದಿಸಿದರೆ ಎಷ್ಟು ಪಟ್ಟಿಗಳಲ್ಲಿ ಮುಗಿಯುತ್ತದೆ ಎಂದು ಕಾಗದದ ಮೇಲೆ ಜೋಡಿಸಿ ನೋಡಿದೆ. 45ರ ಜೊತೆಗೆ 14, 35ರ ಜೊತೆಗೆ 13 ಮತ್ತು 10, ಹೀಗೆ ಕೂಡಿಸುತ್ತಾ ಹೋದಾಗ ಆರು ಪಟ್ಟಿಗಳಲ್ಲಿ ಎಲ್ಲವೂ ಹಿಡಿಯಿತು. ಇಪ್ಪತ್ತಕ್ಕೆ ಆರು ಸೇರಿ 26 ಪಟ್ಟಿ ಸಾಕೆಂದಾಯಿತು. ಬರಿದಾಗಿ ಉಳಿದಿದ್ದ ಜಾಗಗಳನ್ನು ಕೂಡಿಸಿದರೆ ಕಂಬದ 60, ಬಾಗಿಲಿನ ತಿರುವುಗಳ 26, ದಾರಿಯ ತಿರುವುಗಳ 28, ಒಟ್ಟು 1.14 ಮೀಟರ್, ಅದಕ್ಕೆ ಎರಡು ಪಟ್ಟಿ ಸಾಕೆಂದು ಮೇಸ್ತ್ರಿಗೆ ಹೇಳಿದೆ. ಅವರು ತುಂಡುಗಳ ಉದ್ದ ಬರೆದ ಚೀಟಿಯನ್ನು ನೋಡಿ, "ಇದು ಗೋಡೆ ಅಳತೆ ಸರ್, ಪಟ್ಟಿ ಅಳತೆ ಅಲ್ಲ. ಹೊರಮೂಲೆಗೆ ಇದನ್ನೇ ಕತ್ತರಿಸಿದರೆ ಬಾಯಿ ಬಿಡುತ್ತದೆ" ಎಂದರು.

ಅವರ ಮಾತು ಸರಿಯಾಗಿತ್ತು. ಪಟ್ಟಿ ಗೋಡೆಯ ಮುಖಕ್ಕೆ ಅಂಟಿ ಕೂತರೂ ಅದಕ್ಕೆ ತನ್ನದೇ ದಪ್ಪವಿದೆ. ಟೈಲ್ಸ್ ಮತ್ತು ಅದರ ಹಿಂದಿನ ಅಂಟು ಸೇರಿ ಇಲ್ಲಿ ಸುಮಾರು 15 ಮಿ.ಮೀ. ಕಂಬದಂಥ ಹೊರಮೂಲೆಯಲ್ಲಿ ಎರಡು ಪಟ್ಟಿಗಳು 45 ಡಿಗ್ರಿಗೆ ಇಳಿಜಾರಾಗಿ ಕತ್ತರಿಸಿಕೊಂಡು ಕೂಡಬೇಕಾದರೆ ಪ್ರತಿ ಪಟ್ಟಿಯೂ ಗೋಡೆಯ ಅಂಚನ್ನು ದಾಟಿ ಈ ದಪ್ಪದಷ್ಟು ಮುಂದೆ ಚಾಚಬೇಕು. ಕಂಬದ 30 ಸೆಂ.ಮೀ. ಮುಖಕ್ಕೆ ಎರಡೂ ಕಡೆ ಹೊರಮೂಲೆ ಇರುವುದರಿಂದ ಬೇಕಾದ ಪಟ್ಟಿ 33 ಸೆಂ.ಮೀ. ಅದರ ಪಕ್ಕದ ಮುಖಗಳು ಒಂದು ತುದಿಯಲ್ಲಿ ಚಾಚಿ, ಇನ್ನೊಂದು ತುದಿಯ ಒಳಮೂಲೆಯಲ್ಲಿ ಗೋಡೆಯ ಪಟ್ಟಿಗೆ ತಾಗಿ ಅಷ್ಟೇ ಕುಗ್ಗುವುದರಿಂದ 15 ಸೆಂ.ಮೀ.ಯೇ ಉಳಿಯುತ್ತವೆ. ಬಾಗಿಲಿನ ತಿರುವು 13ರ ಬದಲು 14.5 ಆಗುತ್ತದೆ. ಅಡುಗೆಮನೆಯ ದಾರಿಯ ತಿರುವಿಗೆ ಎರಡೂ ತುದಿ ಹೊರಮೂಲೆ, ಆದ್ದರಿಂದ 14ರ ಬದಲು 17. ನಾನು 1.14 ಎಂದುಕೊಂಡಿದ್ದ ಉದ್ದ ಹೀಗೆ 1.26 ಮೀಟರ್ ಆಯಿತು, ಎರಡು ಪಟ್ಟಿಗಳ 1.20 ಅದಕ್ಕೆ ಸಾಲದು. ಮೂರು ಬೇಕು.

ಇಡೀ ಕೋಣೆಗೆ ಇದೇ ಲೆಕ್ಕ ಹಾಕಿದರೆ ಗೋಡೆಯ 15.24 ಮೀಟರ್ ಅಳತೆ ಪಟ್ಟಿಯ ಅಳತೆಯಲ್ಲಿ ಸುಮಾರು 20 ಸೆಂ.ಮೀ. ಹೆಚ್ಚುತ್ತದೆ. ಒಳಮೂಲೆಗಳು ಮಾತ್ರ ಇರುವ ಸಾದಾ ಆಯತದ ಕೋಣೆಯಲ್ಲಿ ಇದು ತದ್ವಿರುದ್ಧ. ಅಲ್ಲಿ ಪಟ್ಟಿಯ ದಪ್ಪದಿಂದ ಉದ್ದ ತುಸು ಕಡಿಮೆಯೇ ಆಗುತ್ತದೆ. ಇಲ್ಲಿ ಉದ್ದ ಹೆಚ್ಚಿದ್ದಕ್ಕೆ ಕಾರಣ, ಒಂದೊಂದು ತಿರುವೂ ಒಂದೊಂದು ಹೊರಮೂಲೆಯನ್ನು ತನ್ನ ಜೊತೆಗೆ ತಂದದ್ದು. ನನ್ನ 26 ಪಟ್ಟಿಗಳ ಜೋಡಣೆ ಅಲ್ಲಿಗೆ ಬಿದ್ದುಹೋಯಿತು: 15.60 ಮೀಟರ್‌ನಲ್ಲಿ ಸುಮಾರು 15.44 ಮೀಟರ್ ಪಟ್ಟಿ ಕತ್ತರಿಸಿ, ಉಳಿದ 16 ಸೆಂ.ಮೀ.ನಲ್ಲಿ ಎಲ್ಲ ಕಡಿತಗಳ ಪುಡಿಯನ್ನೂ ಸಿಡಿದ ಅಂಚುಗಳನ್ನೂ ಹೊಂದಿಸಿಕೊಳ್ಳುವುದು ಯಾರ ಕೈಯಿಂದಲೂ ಆಗದು.

ಮೇಸ್ತ್ರಿಯ ಕೆಲಸದಲ್ಲಿ ವ್ಯರ್ಥವಾದದ್ದು ಎಷ್ಟು ಎಂಬುದನ್ನೂ ನೋಡಬೇಕಿತ್ತು, ಏಕೆಂದರೆ ಅನುಮಾನ ಅವರ ಮೇಲೆಯೇ ಬಂದಿತ್ತು. ಅವರು ಮೂಲೆಯಲ್ಲಿ ಕೂಡಿಟ್ಟ ಚೂರುಗಳನ್ನು ನೆಲದ ಮೇಲೆ ಸಾಲಾಗಿ ಇಡಿಸಿದೆ. ಒಂಬತ್ತು ಚೂರುಗಳು, ಒಟ್ಟು ಸುಮಾರು 80 ಸೆಂ.ಮೀ., ಅತಿ ಉದ್ದದ್ದೂ 12 ಸೆಂ.ಮೀ. ದಾಟಿರಲಿಲ್ಲ. ಬರಿದಾಗಿ ಉಳಿದ ಜಾಗಗಳಲ್ಲಿ ಅತಿ ಚಿಕ್ಕದಕ್ಕೂ 14.5 ಸೆಂ.ಮೀ. ಬೇಕು, ಆದ್ದರಿಂದ ಅವುಗಳಲ್ಲಿ ಒಂದೂ ಉಪಯೋಗಕ್ಕೆ ಬರುವಂತಿರಲಿಲ್ಲ. 15 ಮೀಟರ್‌ಗೆ 80 ಸೆಂ.ಮೀ. ಎಂದರೆ ನೂರಕ್ಕೆ ಐದರಷ್ಟು. ಇಷ್ಟು ತುಂಡುಗಳಿರುವ ಕೋಣೆಯಲ್ಲಿ ಇದು ಬಹಳ ಜಾಗರೂಕತೆಯ ಕೆಲಸ, ಮತ್ತು ಅದನ್ನು ಮನೆಯವರ ಎದುರಿನಲ್ಲೇ ಹೇಳುವುದು ನನ್ನ ಕರ್ತವ್ಯವಾಗಿತ್ತು. ನೆಲದ ಟೈಲ್ಸ್‌ನ ಜೋಡುಗೆರೆಗೆ ಸರಿಯಾಗಿ ಸ್ಕರ್ಟಿಂಗ್‌ನ ಜೋಡುಗೆರೆ ಬರಬೇಕೆಂಬ ಬೇಡಿಕೆ ಇಲ್ಲಿ ಇರಲಿಲ್ಲ. ಇದ್ದಿದ್ದರೆ ಪ್ರತಿ ಗೋಡೆಯೂ ಎರಡೂ ತುದಿಗಳಲ್ಲಿ ಕತ್ತರಿಸಿದ ತುಂಡಿನಿಂದಲೇ ಶುರುವಾಗಿ ಮುಗಿಯಬೇಕಾಗಿ ಬಂದು, ಮೇಲಿನ ಜೋಡಣೆಯ ಲೆಕ್ಕವನ್ನೆಲ್ಲ ಹೊಸದಾಗಿ ಮಾಡಬೇಕಾಗುತ್ತಿತ್ತು.

ಕೊರತೆಯನ್ನು ತುಂಬಲು 90 ಮಿ.ಮೀ.ನ ಪಟ್ಟಿಗಳನ್ನು ತಿರುವುಗಳಿಗೆ ಬಳಸಬಹುದಲ್ಲವೇ ಎಂದು ಮನೆಯವರು ಕೇಳಿದರು. ಬಾಗಿಲಿನ ಒಳಗೆ ಯಾರೂ ನೋಡುವುದಿಲ್ಲ ಎಂಬುದು ಅವರ ವಾದ. ಆದರೆ ತಿರುವು ಶುರುವಾಗುವುದೇ ಹೊರಮೂಲೆಯಲ್ಲಿ, ಅಲ್ಲಿ 100 ಮತ್ತು 90 ಮಿ.ಮೀ. ಪಟ್ಟಿಗಳು ಮುಖಕ್ಕೆ ಮುಖ ಕೂಡುವಾಗ ಮೇಲಂಚಿನ ಮೆಟ್ಟಿಲು ಎದ್ದು ಕಾಣುತ್ತದೆ. ಕೆಳಗೆ 10 ಮಿ.ಮೀ. ಗಾರೆ ತುಂಬಿ ಮೇಲಂಚನ್ನು ಸಮ ಮಾಡಿದರೆ ನೆಲದ ಬಳಿ ಅಷ್ಟೇ ದಪ್ಪದ ಗೆರೆ ಉಳಿದು, ಒರೆಸಿದ ಕೊಳೆಯೆಲ್ಲ ಅಲ್ಲಿ ಕೂರುತ್ತದೆ. ಅದಕ್ಕೆ ನಾನು ಒಪ್ಪಲಿಲ್ಲ. ನೆಲಕ್ಕೆ ತಂದ ಟೈಲ್ಸ್‌ನಲ್ಲಿ ಅದೇ ತಯಾರಿಕಾ ಸಂಖ್ಯೆಯ ಪೆಟ್ಟಿಗೆಯಿಂದ ಕೆಲವು ಮಿಕ್ಕಿದ್ದವು. ಅವುಗಳಲ್ಲಿ ಒಂದನ್ನು ತೆಗೆದು ಐದು ಪಟ್ಟಿ ಮಾಡಿಸಿದೆ. ಹೊಸದಾಗಿ ತರಬೇಕಾಗಿದ್ದರೆ ಬೇರೆ ತಯಾರಿಕೆಯ ಟೈಲ್‌ನಲ್ಲಿ ಬಣ್ಣ ತುಸು ಬದಲಾಗುವ ಸಾಧ್ಯತೆ ಇತ್ತು, ಮತ್ತು ಅದು ಕಾಣುವುದು ನಡುಮನೆಯ ನಡುಗಂಬದ ಮೇಲೆ.

ಮೊದಲ ಪಟ್ಟಿಯಿಂದ ಕಂಬದ 33 ಸೆಂ.ಮೀ. ಮುಖ ಮತ್ತು ಅದರ ಒಂದು ಪಕ್ಕದ 15, ಎರಡನೆಯದರಿಂದ ದಾರಿಯ ಎರಡು ತಿರುವುಗಳು ಮತ್ತು ಬಾಗಿಲಿನ ಒಂದು ತಿರುವು, ಮೂರನೆಯದರಿಂದ ಕಂಬದ ಇನ್ನೊಂದು ಪಕ್ಕ ಮತ್ತು ಬಾಗಿಲಿನ ಉಳಿದ ತಿರುವು ಬಂದವು. ಕಂಬದ ಮುಖವನ್ನು ಒಂದೇ ತುಂಡಿನಲ್ಲಿ ಇಟ್ಟದ್ದು ಮೇಸ್ತ್ರಿಯ ಆಯ್ಕೆ. ಅಷ್ಟು ಚಿಕ್ಕ ಮುಖದಲ್ಲಿ ನಡುವೆ ಜೋಡುಗೆರೆ ಬಂದರೆ ಚೆನ್ನಾಗಿ ಕಾಣುವುದಿಲ್ಲ. ಒಟ್ಟು ಬಳಕೆಯಾದದ್ದು 28 ಪಟ್ಟಿ, ಮುಂದೆ ಎಲ್ಲಾದರೂ ಒಡೆದರೆ ಬೇಕಾದೀತೆಂದು 2 ಪಟ್ಟಿ ಎತ್ತಿಡಲಾಯಿತು.

ಅಳತೆ ಪುಸ್ತಕದಲ್ಲಿ ಕೆಲಸದ ಉದ್ದವೆಂದು 15.24 ಮೀಟರ್ ಬರೆದೆ, ಏಕೆಂದರೆ ಕೂಲಿಯ ಒಪ್ಪಂದ ಗೋಡೆಯ ಮುಖದ ಮೇಲಿನ ಉದ್ದಕ್ಕೆ ಆಗಿತ್ತು, ಅಂದಾಜಿನ 16.20ನ್ನು ಅಡ್ಡಗೆರೆ ಎಳೆದು ತೆಗೆದು, ಪಕ್ಕದಲ್ಲಿ ನಾಲ್ಕು ತೆರಪುಗಳನ್ನೂ ಮೂರು ಜೊತೆ ತಿರುವುಗಳನ್ನೂ ಬೇರೆಬೇರೆಯಾಗಿ ನಮೂದಿಸಿದೆ. ಸಾಮಾನಿನ ಪುಟದಲ್ಲಿ ಮಾತ್ರ ಉದ್ದದ ಮಾತೇ ಬಾರದಂತೆ 6 ಟೈಲ್ಸ್, 30 ಪಟ್ಟಿ, ಬಳಕೆ 28 ಎಂದು ಬರೆದು ಮೇಸ್ತ್ರಿಯಿಂದಲೂ ಮನೆಯವರಿಂದಲೂ ಸಹಿ ಪಡೆದೆ.